430 ಪದದ ಪ್ರಾಜೆಕ್ಟ್ ಸಮ್ಮರಿ 250ಕ್ಕೆ ಇಳಿಸೋದು: ಉದ್ದೇಶ ಉಳೀಬೇಕು, ಫಲಿತಾಂಶನೂ ಉಳೀಬೇಕು

ಪ್ರಶ್ನೆ: ಮೇಡಂ, ನಾವು ಪಾವಗಡ ಕಡೆ ಕೆಲಸ ಮಾಡೋ ಸಣ್ಣ ಸಂಸ್ಥೆ. ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ ಇರೋ 6 ಸರ್ಕಾರಿ ಶಾಲೆಗಳಿಗೆ ಮಳೆನೀರು ತೊಟ್ಟಿ ಕಟ್ಟಿಸೋಕೆ ಒಂದು ಕಂಪನಿಯ ಸಿಎಸ್‌ಆರ್ ಫಂಡ್‌ಗೆ ಪ್ರಪೋಸಲ್ ಹಾಕ್ತಿದೀವಿ. ಪ್ರಾಜೆಕ್ಟ್ ಸಮ್ಮರಿ 250 ಪದ ಮೀರಬಾರದಂತೆ. ನಾನು ಕನ್ನಡದಲ್ಲಿ ಬರೆದಾಗ 290 ಇತ್ತು, ಇಂಗ್ಲಿಷಿಗೆ ಮಾಡಿದ್ಮೇಲೆ 430 ಆಯ್ತು. ಮೂರು ದಿನದಿಂದ ಕತ್ತರಿಸ್ತಿದೀನಿ, 340ಕ್ಕಿಂತ ಕೆಳಗೆ ಇಳೀತಾನೇ ಇಲ್ಲ. ನಮ್ಮ ಸರ್ ಹಿನ್ನೆಲೆ ಮುಟ್ಟಬೇಡ ಅಂತಾರೆ, ಹಂಗಾಗಿ ಉದ್ದೇಶ, ಫಲಿತಾಂಶದ ಕಡೆನೇ ಕತ್ತರಿ ಬೀಳ್ತಿದೆ. 10 ಪರ್ಸೆಂಟ್ ಜಾಸ್ತಿ ಇದ್ರೆ ನಡೆಯುತ್ತಾ? ಶಾರ್ಟ್‌ಫಾರ್ಮ್ ಹಾಕಿ ಪದ ಉಳಿಸಬಹುದಾ? ಎಲ್ಲಿ ಕತ್ತರಿಸ್ಲಿ? ಡ್ರಾಫ್ಟ್ ಜೊತೆಗಿದೆ.

ಉತ್ತರ:

ನಿಮ್ಮ ಡ್ರಾಫ್ಟ್ ಓದೋಕೆ ಮುಂಚೆ ನಾನು ಮಾಡಿದ ಕೆಲಸ ಒಂದೇ, ಐದು ಬಣ್ಣದ ಹೈಲೈಟರ್ ತಗೊಂಡು ಒಂದೊಂದು ವಾಕ್ಯ ಯಾವ ಕೆಲಸ ಮಾಡ್ತಿದೆ ಅಂತ ಬಳಿದು ಎಣಿಸಿದೆ. ಹಿನ್ನೆಲೆ 185 ಪದ, ನಿಮ್ಮ ಸಂಸ್ಥೆ ಪರಿಚಯ 80, ಏನೇನು ಮಾಡ್ತೀರಿ ಅನ್ನೋದು 110, ಉದ್ದೇಶ 30, ಫಲಿತಾಂಶ 25. ಅಂದ್ರೆ 430ರಲ್ಲಿ ಉದ್ದೇಶ ಫಲಿತಾಂಶ ಎರಡೂ ಸೇರಿ ಬರೀ 55! ನೀವು ಅಲ್ಲಿ ಇಲ್ಲಿ ವಿಶೇಷಣ ಕಿತ್ತು 340ಕ್ಕೆ ತಂದ್ಮೇಲೆ ಆ 55ರ ಮೇಲೇನೇ ಕತ್ತರಿ ಆಡಿಸ್ತಿದೀರಿ, ದೊಡ್ಡ ಭಾಗ ಹಂಗೇ ಕೂತಿದೆ. ಅದಕ್ಕೇ ಇಳೀತಿಲ್ಲ.

ಮೊದಲು ಆ 10 ಪರ್ಸೆಂಟ್ ವಿಷಯ ಮುಗಿಸಿಬಿಡ್ತೀನಿ. ಅದು ಕಾಲೇಜಿನ ಅಸೈನ್‌ಮೆಂಟ್‌ನಿಂದ ಬಂದ ನಂಬಿಕೆ, ಗ್ರಾಂಟ್ ಫಾರಂಗೆ ಅನ್ವಯ ಆಗಲ್ಲ. ಆನ್‌ಲೈನ್ ಫಾರಂ ಎರಡು ಥರ ಇರುತ್ತೆ. ಒಂದು, ಮಿತಿ ಮೀರಿದ್ರೆ ಕೆಂಪು ಅಕ್ಷರದಲ್ಲಿ ಬೈದು ಸೇವ್ ಆಗೋಕೇ ಬಿಡಲ್ಲ, ಇದು ಒಳ್ಳೇದು, ಕಣ್ಣಿಗೆ ಕಾಣುತ್ತೆ. ಇನ್ನೊಂದು ಅಪಾಯದ್ದು: ನೀವು ಪೇಸ್ಟ್ ಮಾಡಿದಾಗ ಮಿತಿ ಆದ್ಮೇಲಿನದ್ದನ್ನ ಸದ್ದಿಲ್ಲದೆ ಕತ್ತರಿಸಿಬಿಡುತ್ತೆ. ಕೊನೇಲಿ ಏನಿರುತ್ತೆ ಹೇಳಿ? ಫಲಿತಾಂಶ. ನಾನು ಒಂದು ಪರಿಶೀಲನಾ ಸಮಿತಿಯಲ್ಲಿ ಕೂತಿದ್ದಾಗ ಸಮ್ಮರಿ ಅರ್ಧ ವಾಕ್ಯಕ್ಕೆ ನಿಂತಿರೋ ಅರ್ಜಿಗಳನ್ನ ನೋಡಿದೀನಿ, ಕಳಿಸಿದವರಿಗೆ ಅದು ಗೊತ್ತೇ ಇರಲ್ಲ, ನಮ್ಮ ಕೈಲಿರೋ ಶೀಟಲ್ಲಿ 'ನಿರೀಕ್ಷಿತ ಫಲಿತಾಂಶ' ಅನ್ನೋ ಕಾಲಂಗೆ ಮಾರ್ಕ್ಸ್ ಹಾಕೋಕೆ ಏನೂ ಇರಲ್ಲ. ಹೊರದೇಶದ ದೊಡ್ಡ ಫಂಡರ್‌ಗಳು ಇನ್ನೂ ಬಿಗಿ. ಅಮೆರಿಕದಲ್ಲಿ ವೈದ್ಯಕೀಯ ಸಂಶೋಧನೆಗೆ ದುಡ್ಡು ಕೊಡೋ ಎನ್‌ಐಎಚ್ ಸಮ್ಮರಿಗೆ 30 ಸಾಲು ಕೊಡುತ್ತೆ, ವಿಜ್ಞಾನ ಸಂಶೋಧನೆಗೆ ಕೊಡೋ ಎನ್‌ಎಸ್‌ಎಫ್ ಒಂದೇ ಪುಟ, ಅದರೊಳಗೂ ಮೂರು ಭಾಗ ಬೇರೆ ಬೇರೆ ಇರಲೇಬೇಕು. ಅಲ್ಲಿ ಯಾರೂ ಹತ್ತು ಪರ್ಸೆಂಟ್ ಬಿಡಲ್ಲ.

ಶಾರ್ಟ್‌ಫಾರ್ಮ್‌ದೂ ಅಷ್ಟೇ. ನಿಮ್ಮ ಡ್ರಾಫ್ಟಲ್ಲಿ ಏಳು ಸಂಕ್ಷೇಪ ಇದೆ, ಕೆಲವನ್ನ ಒಂದು ಸಲ ಬಿಡಿಸಿ ಹೇಳಿ ಆಮೇಲೆ ಒಂದೇ ಒಂದು ಸಲ ಬಳಸಿದೀರಿ, ಅಲ್ಲಿಗೆ ಪದ ಉಳೀಲಿಲ್ಲ, ಹೆಚ್ಚೇ ಆಯ್ತು. ಎಸ್‌ಡಿಎಂಸಿ ಅಂದ್ರೆ ಶಾಲಾಭಿವೃದ್ಧಿ ಸಮಿತಿ ಅಂತ ಕರ್ನಾಟಕದ ಮೇಷ್ಟ್ರುಗಳಿಗೆಲ್ಲ ಗೊತ್ತು, ಆದ್ರೆ ನಿಮ್ಮ ಅರ್ಜಿ ಓದೋರು ಮುಂಬೈ ಆಫೀಸಲ್ಲೋ ಗುರುಗ್ರಾಮದಲ್ಲೋ ಕೂತಿರಬಹುದು. ಇನ್ನು ಎರಡು ಪದದ ಮಧ್ಯೆ ಅಡ್ಡಗೆರೆ ಹಾಕಿ ಜಾಗ ಬಿಡದೆ ಅಂಟಿಸೋ ಟ್ರಿಕ್ಕು. ವರ್ಡ್‌ನಲ್ಲಿ ಜಾಗ ಇದ್ದ ಕಡೆಗೆ ಪದ ಮುಗೀತು ಅಂತ ಲೆಕ್ಕ, ಹಂಗಾಗಿ ಅಲ್ಲಿ ಕಮ್ಮಿ ತೋರಿಸುತ್ತೆ, ನಿಜ. ಫಾರಂನ ಲೆಕ್ಕ ಬೇರೆ ಇದ್ರೆ ಅಲ್ಲಿ ಮತ್ತೆ ಏರುತ್ತೆ, ಓದೋರಿಗೂ ತಕ್ಷಣ ಗೊತ್ತಾಗುತ್ತೆ. ಮಾಡಬೇಡಿ.

ಈಗ ಮುಖ್ಯ ವಿಷಯ, 290 ಹೆಂಗೆ 430 ಆಯ್ತು ಅಂತ. ಇದು ನಿಮ್ಮ ತಪ್ಪಲ್ಲ, ಎರಡು ಭಾಷೆಗಳ ಕಟ್ಟು ಬೇರೆ. ಕನ್ನಡದಲ್ಲಿ 'ಶಾಲೆಗಳಲ್ಲಿ' ಒಂದು ಪದ, ಇಂಗ್ಲಿಷಲ್ಲಿ ಅದೇ ಮೂರು ಪದ. 'ನೆರವಿಲ್ಲದೆ' ಅನ್ನೋದು ಅಲ್ಲಿ ಕನಿಷ್ಠ ಎರಡು. ನಮ್ಮ ವಿಭಕ್ತಿ ಪ್ರತ್ಯಯ ಎಲ್ಲ ಪದದ ಬಾಲಕ್ಕೇ ಅಂಟ್ಕೊಳುತ್ತೆ, ಅವರದು ಬಿಡಿಬಿಡಿಯಾಗಿ ನಿಲ್ಲುತ್ತೆ. ನಿಮ್ಮದೇ ಲೆಕ್ಕ ತಗೊಂಡ್ರೆ ಒಂದಕ್ಕೆ ಹತ್ತಿರ ಹತ್ತಿರ ಒಂದೂವರೆ ಆಗಿದೆ. ಹಂಗಾಗಿ ಕನ್ನಡದಲ್ಲಿ ಯೋಚಿಸಿ ಬರೆಯೋದಾದ್ರೆ (ಹಾಗೇ ಬರೀರಿ, ತಂಡದವರೆಲ್ಲ ಓದಿ ಸರಿ ತಪ್ಪು ಹೇಳೋಕಾಗುತ್ತೆ) ನಿಮ್ಮ ಗುರಿ 250 ಅಲ್ಲ, 160 ಪದ. ಒಂದು ವೇಳೆ ಫಾರಂ ಕನ್ನಡದಲ್ಲೇ ತುಂಬಬಹುದಾಗಿದ್ದು ಮಿತಿ ಪದದಲ್ಲಿಲ್ಲದೆ ಅಕ್ಷರದಲ್ಲಿದ್ರೆ ಆಗ ಉಲ್ಟಾ ಏಟು ಬೀಳುತ್ತೆ, 'ಕ್ಷಿ' ನಮ್ಮ ಕಣ್ಣಿಗೆ ಒಂದಕ್ಷರ, ಕಂಪ್ಯೂಟರಿಗೆ ನಾಲ್ಕು. ಆದ್ರಿಂದ ಮಿತಿ ಪದದ್ದಾ ಅಕ್ಷರದ್ದಾ ಅಂತ ಮೊದಲು ಫಾರಂ ತೆಗೆದು ನೋಡ್ಕೊಳ್ಳಿ.

ಇಳಿಸೋ ದಾರಿ ಮೂರಿದೆ. ನೀವು ಹಿಡಿದಿರೋದು ಮೊದಲನೇದು, ಸಾಲುಸಾಲಾಗಿ ಹೋಗಿ ವಿಶೇಷಣ ತೆಗೆಯೋದು, 'ಅತ್ಯಂತ', 'ಸಮಗ್ರ', 'ಈ ನಿಟ್ಟಿನಲ್ಲಿ' ಇಂಥವನ್ನ. ನನ್ನ ಅನುಭವದಲ್ಲಿ ಇದರಿಂದ ಐದರಲ್ಲಿ ಒಂದು ಪಾಲು ಇಳಿಯುತ್ತೆ, ಅಷ್ಟೇ. ನಿಮಗೂ ಸರಿಯಾಗಿ ಅಲ್ಲೇ, 340ರಲ್ಲಿ ನಿಂತಿದೆ. ಅದಾದ್ಮೇಲೆ ಜನ ಗಾಬರಿಯಾಗಿ ಅಂಕಿ ಸಂಖ್ಯೆ ಕೀಳೋಕೆ ಶುರು ಮಾಡ್ತಾರೆ, ಯಾಕಂದ್ರೆ ಅಂಕಿ ಕಿತ್ರೆ ವಾಕ್ಯ ಮುರಿಯಲ್ಲ. '6 ಶಾಲೆಗಳ 900 ಮಕ್ಕಳು' ಅನ್ನೋದು 'ಗ್ರಾಮೀಣ ಮಕ್ಕಳು' ಆಗೋದು ಹಿಂಗೇ. ಎರಡನೇದು, ಉದ್ದೇಶ ಫಲಿತಾಂಶ ಎರಡನ್ನೂ ಒಂದೇ ವಾಕ್ಯಕ್ಕೆ ಹೊಲಿದುಬಿಡೋದು. ಇದರಲ್ಲಿ 30 ಪದ ಸಲೀಸಾಗಿ ಉಳಿಯುತ್ತೆ, ಆದ್ರೆ ಮಾರ್ಕ್ಸ್ ಶೀಟಲ್ಲಿ ಎರಡಕ್ಕೂ ಬೇರೆ ಬೇರೆ ಕಾಲಂ ಇದ್ರೆ ಓದೋರು ಹುಡುಕಬೇಕು, ದಿನಕ್ಕೆ ಮೂವತ್ತು ಅರ್ಜಿ ಓದೋರು ಹುಡುಕಲ್ಲ. 100 ಪದದ ಮಿತಿ ಇದ್ದಾಗ ಮಾತ್ರ ನಾನು ಈ ದಾರಿ ಹಿಡೀತೀನಿ. ಮೂರನೇದು, ಇರೋದನ್ನ ಪಕ್ಕಕ್ಕಿಟ್ಟು ಖಾಲಿ ಹಾಳೆಯಲ್ಲಿ ಫಲಿತಾಂಶದಿಂದ ಹಿಂದಕ್ಕೆ ಕಟ್ಟೋದು. ನಿಮಗೆ ಇದೇ ಆಗಬೇಕು. ರಿಸ್ಕ್ ಇಲ್ಲ ಅಂತಲ್ಲ, ಫಲಿತಾಂಶ ಗಟ್ಟಿಯಾಗಿಲ್ಲ ಅಂದ್ರೆ ಇಲ್ಲೇ ಬಯಲಾಗುತ್ತೆ, ಆಗ ಸಮ್ಮರಿ ಬಿಟ್ಟು ಪ್ರಪೋಸಲ್ಲನ್ನೇ ತಿದ್ದಬೇಕಾಗುತ್ತೆ. ನಿಮ್ಮದರಲ್ಲಿ ಅದೂ ಸ್ವಲ್ಪ ಇದೆ.

ನಿಮ್ಮ ಫಲಿತಾಂಶದ 25 ಪದ ನೋಡಿ. ಅದರ ಸಾರ ಇಷ್ಟು: 'ಆರು ತೊಟ್ಟಿಗಳು ನಿರ್ಮಾಣವಾಗುವುವು, ಮಕ್ಕಳಲ್ಲಿ ದಂತ ಫ್ಲೋರೋಸಿಸ್ ನಿವಾರಣೆಯಾಗುವುದು.' ಮೊದಲ ಅರ್ಧ ಫಲಿತಾಂಶನೇ ಅಲ್ಲ, ದುಡ್ಡು ಖರ್ಚು ಮಾಡಿದ್ರೆ ತೊಟ್ಟಿ ಬಂದೇ ಬರುತ್ತೆ. ತೊಟ್ಟಿ ಬಂದಿದ್ರಿಂದ ಮಕ್ಕಳಿಗೆ ಏನು ಬದಲಾಯ್ತು ಅನ್ನೋದು ಫಲಿತಾಂಶ. ಎರಡನೇ ಅರ್ಧ ಇನ್ನೂ ಕಷ್ಟ. ಹಲ್ಲಿನ ಮೇಲಿನ ಆ ಕಂದು ಕಲೆ ಹಲ್ಲು ಒಳಗೆ ರೂಪುಗೊಳ್ಳೋ ವಯಸ್ಸಲ್ಲಿ, ಹೆಚ್ಚುಕಮ್ಮಿ ಎಂಟು ವರ್ಷದೊಳಗೆ ಆಗೋದು, ಆಮೇಲೆ ಎಷ್ಟೇ ಒಳ್ಳೆ ನೀರು ಕುಡಿದ್ರೂ ಹೋಗಲ್ಲ. ಆರೋಗ್ಯ ಗೊತ್ತಿರೋ ಒಬ್ಬರು ಸಮಿತಿಯಲ್ಲಿದ್ರೆ ಈ ಒಂದು ಸಾಲಿಗೇ ಅರ್ಜಿ ಪಕ್ಕಕ್ಕೆ ಹೋಗುತ್ತೆ. ಹಾಗಾದ್ರೆ ನಿಮ್ಮ ಪ್ರಾಜೆಕ್ಟಿನ 18 ತಿಂಗಳಲ್ಲಿ ಏನು ಬದಲಾಗೋಕೆ ಸಾಧ್ಯ? ಕುಡಿಯೋ ನೀರಿನ ಫ್ಲೋರೈಡ್ ಮಟ್ಟ ಬದಲಾಗುತ್ತೆ, ಮಳೆನೀರಲ್ಲಿ ಅದು ಇಲ್ಲವೇ ಇಲ್ಲ ಅನ್ನೋಷ್ಟು ಕಮ್ಮಿ. ಮೂತ್ರದಲ್ಲಿನ ಫ್ಲೋರೈಡೂ ಇಳಿಯುತ್ತೆ, ಯಾಕಂದ್ರೆ ಅದು ಇತ್ತೀಚೆಗೆ ದೇಹಕ್ಕೆ ಹೋಗಿರೋದನ್ನ ತೋರಿಸುತ್ತೆ. ಆದ್ರೆ ಮಕ್ಕಳು ಮನೇಲಿ ಅದೇ ಬೋರ್ ನೀರು ಕುಡೀತಾರೆ, ಹಂಗಾಗಿ 'ಇಳಿಯುತ್ತೆ' ಅನ್ನಬಹುದು, 'ಸಾಮಾನ್ಯ ಮಟ್ಟಕ್ಕೆ ಬರುತ್ತೆ' ಅನ್ನೋಕಾಗಲ್ಲ. ಮೂತ್ರ ಪರೀಕ್ಷೆ ಇಟ್ಕೊಂಡ್ರೆ ಪೋಷಕರ ಒಪ್ಪಿಗೆ, ನೈತಿಕ ಸಮಿತಿಯ ಅನುಮತಿ, ಲ್ಯಾಬ್ ಖರ್ಚು ಎಲ್ಲ ಪ್ರಪೋಸಲ್ ಒಳಗೆ ಇರಬೇಕು, ನಿಮ್ಮ ಬಜೆಟಲ್ಲಿ ಲ್ಯಾಬ್ ಖರ್ಚು ಇರೋದು ನೋಡಿದೆ, ಅದಕ್ಕೇ ಇದನ್ನ ಸೂಚಿಸ್ತಿದೀನಿ. ಅನುಮತಿ ಪಡೆಯೋ ಮನಸ್ಸಿಲ್ಲದಿದ್ರೆ ಆ ಸಾಲು ಬಿಟ್ಟುಬಿಡಿ.

ಉದ್ದೇಶಕ್ಕೆ ಬನ್ನಿ. 'ಸಮುದಾಯದ ಸಹಭಾಗಿತ್ವದೊಂದಿಗೆ ಸುರಕ್ಷಿತ ಕುಡಿಯುವ ನೀರಿನ ಕುರಿತು ಸಮಗ್ರ ಜಾಗೃತಿ ಮೂಡಿಸುವ ಮೂಲಕ ಮಕ್ಕಳ ಆರೋಗ್ಯವನ್ನು ಸುಧಾರಿಸುವುದು' ಅಂತ ಬರೆದಿದೀರಿ. ಇದರಲ್ಲಿ ಮಳೆನೀರೇ ಇಲ್ಲ! ತೊಟ್ಟಿ ಕಟ್ಟೋ ಪ್ರಾಜೆಕ್ಟಿನ ಉದ್ದೇಶ ಜಾಗೃತಿ ಆಗ್ಬಿಟ್ಟಿದೆ. ನೀವು ಬಾಯಲ್ಲಿ ಹೇಳೋದಾದ್ರೆ ಹೆಂಗೆ ಹೇಳ್ತೀರಿ? 'ಈ ಮಕ್ಕಳಿಗೆ ಸ್ಕೂಲಲ್ಲಿ ಇರೋವಷ್ಟು ಹೊತ್ತಾದ್ರೂ ಒಳ್ಳೆ ನೀರು ಸಿಗ್ಲಿ, ನಾವು ಹೋದ್ಮೇಲೂ ಅದು ನಡೀತಿರ್ಲಿ.' ಎರಡೇ ಉದ್ದೇಶ. ಅದನ್ನೇ ಬರೀರಿ.

ಇನ್ನು ನಿಮ್ಮ ಸರ್ ಮುಟ್ಟಬೇಡ ಅಂದ ಹಿನ್ನೆಲೆ. ಅದು ಶುರುವಾಗೋದು ನೀರು ಜೀವಜಲ ಅಂತ, ಆಮೇಲೆ 1937ರಲ್ಲಿ ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರಲ್ಲಿ ಭಾರತದ ಮಟ್ಟಿಗೆ ಫ್ಲೋರೋಸಿಸ್ ಮೊದಲು ಗುರುತಿಸಿದ್ದು, ದೇಶದಲ್ಲಿ ಎಷ್ಟು ರಾಜ್ಯದಲ್ಲಿದೆ, ಕರ್ನಾಟಕದಲ್ಲಿ ಎಷ್ಟು ಜಿಲ್ಲೆ, ತುಮಕೂರು, ಪಾವಗಡ, ಹಿಂಗೆ ಮೇಲಿಂದ ಇಳ್ಕೊಂಡು ಬಂದು ನಿಮ್ಮ ಶಾಲೆ ತಲುಪೋಷ್ಟರಲ್ಲಿ 150 ಪದ ಮುಗಿದಿದೆ. ಸರ್‌ಗೆ ಅದು ಯಾಕೆ ಬೇಕು ಅನ್ನೋದು ನನಗೆ ಅರ್ಥ ಆಗುತ್ತೆ, ಸಮಸ್ಯೆ ದೊಡ್ಡದು ಅಂತ ಕಾಣಿಸ್ಬೇಕು. ಆದ್ರೆ ದುಡ್ಡು ಕೇಳ್ತಿರೋದು ದೇಶದ ಸಮಸ್ಯೆಗಲ್ಲ, ಆರು ಶಾಲೆಗೆ. ನಿಮ್ಮ ಡ್ರಾಫ್ಟಿನ ಅತ್ಯಂತ ಬಲವಾದ ಮಾತು ಹಿನ್ನೆಲೆಯ ಕೊನೇ ಸಾಲಲ್ಲಿ ಹೂತುಹೋಗಿದೆ: ನಾಲ್ಕು ಶಾಲೆಗಳಲ್ಲಿ ಶುದ್ಧೀಕರಣ ಘಟಕ ಹಾಕಿದ್ರು, ಕೆಟ್ಟು ನಿಂತಿದೆ. ನೀವು ಯಾಕೆ ಫಿಲ್ಟರ್ ಮಷೀನ್ ಬಿಟ್ಟು ಮಳೆನೀರಿಗೆ ಹೋಗ್ತಿದೀರಿ ಅನ್ನೋದಕ್ಕೆ ಅದೇ ಉತ್ತರ. ಅದು ಉಳೀಲಿ, ನೆಲ್ಲೂರು ಹೋಗ್ಲಿ. ಸರ್‌ಗೆ ಹೇಳಿ, ಪೂರ್ತಿ ಹಿನ್ನೆಲೆ ಎಲ್ಲೂ ಹೋಗಲ್ಲ, ಫಾರಂನಲ್ಲಿ 'ಸಮಸ್ಯೆಯ ವಿವರ' ಅಂತ ಬೇರೆ ಬಾಕ್ಸೇ ಇದೆ, ಅಲ್ಲಿಗೆ ವರ್ಗಾವಣೆ ಅಷ್ಟೇ. ಸಂಸ್ಥೆ ಪರಿಚಯದ 80 ಪದಕ್ಕೂ ಬೇರೆ ಬಾಕ್ಸ್ ಇದೆ. ಈ ಎರಡೇ ಮಾತಿಗೆ 230 ಪದ ಹೊರಗೆ ಹೋಯ್ತು ನೋಡಿ.

ನಿಮ್ಮ ವಿವರಗಳನ್ನೇ ಇಟ್ಕೊಂಡು ನಾನು ಕಟ್ಟಿದ್ದು ಇದು:

'ಪಾವಗಡ ತಾಲೂಕಿನ 6 ಸರ್ಕಾರಿ ಶಾಲೆಗಳಲ್ಲಿ 900 ಮಕ್ಕಳು ಕುಡಿಯುವ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಲೀಟರಿಗೆ 2.1ರಿಂದ 3.4 ಮಿಲಿಗ್ರಾಂ ಇದೆ. ಗರಿಷ್ಠ ಮಿತಿ 1.5. ನಾಲ್ಕು ಶಾಲೆಗಳಲ್ಲಿ ಹಾಕಿದ್ದ ಶುದ್ಧೀಕರಣ ಘಟಕಗಳು ನಿರ್ವಹಣೆಯಿಲ್ಲದೆ ನಿಂತಿವೆ.

18 ತಿಂಗಳಲ್ಲಿ ನಮ್ಮ ಉದ್ದೇಶ ಎರಡು: ಈ ಮಕ್ಕಳಿಗೆ ಶಾಲಾ ಅವಧಿಯಲ್ಲಿ ಮಿತಿಯೊಳಗಿನ ಫ್ಲೋರೈಡಿನ ನೀರು ಒದಗಿಸುವುದು; ಆ ವ್ಯವಸ್ಥೆಯನ್ನು ಶಾಲಾಭಿವೃದ್ಧಿ ಸಮಿತಿಗಳೇ ನಡೆಸುವಂತೆ ಮಾಡುವುದು.

ಪ್ರತಿ ಶಾಲೆಯಲ್ಲಿ ಚಾವಣಿ ಮಳೆನೀರು ಸಂಗ್ರಹಿಸಿ ಸೋಸಿ 25,000 ಲೀಟರಿನ ಮುಚ್ಚಿದ ತೊಟ್ಟಿಯಲ್ಲಿ ಇಡುತ್ತೇವೆ. ಸರಾಸರಿ ಮಳೆಯಲ್ಲಿ ಚಾವಣಿಯಿಂದ ಸಿಗುವ ನೀರು ಮಕ್ಕಳ ಕುಡಿಯುವ ಅಗತ್ಯಕ್ಕೆ ಸಾಕಾಗುತ್ತದೆ. ಪ್ರತಿ ಸಮಿತಿಯ ಇಬ್ಬರು ಸದಸ್ಯರಿಗೆ ತೊಟ್ಟಿ ಶುಚಿ, ಫಿಲ್ಟರ್ ನಿರ್ವಹಣೆ, ನೀರಿನ ಪರೀಕ್ಷೆ ಕಲಿಸುತ್ತೇವೆ.

ನಂತರದ ಶಾಲಾ ವರ್ಷದ 220 ದಿನಗಳಲ್ಲಿ ಕನಿಷ್ಠ 200 ದಿನ 900 ಮಕ್ಕಳಿಗೆ ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆ ಫ್ಲೋರೈಡಿನ ನೀರು ಸಿಗುತ್ತದೆ (ತಿಂಗಳಿಗೊಮ್ಮೆ ಪರೀಕ್ಷೆ). ಆಯ್ದ 120 ಮಕ್ಕಳ ಮೂತ್ರದಲ್ಲಿ ಫ್ಲೋರೈಡ್ ಆರಂಭದ ಮಟ್ಟಕ್ಕಿಂತ ಇಳಿಯುತ್ತದೆ. 6 ಸಮಿತಿಗಳಲ್ಲಿ ಕನಿಷ್ಠ 5, ಕೊನೆಯ ಆರು ತಿಂಗಳು ನಮ್ಮ ನೆರವಿಲ್ಲದೆ ವ್ಯವಸ್ಥೆಯನ್ನು ನಡೆಸುತ್ತವೆ.'

114 ಪದ. ನಿಮ್ಮ ಲೆಕ್ಕದ ಒಂದೂವರೆ ಪಟ್ಟು ಹಾಕಿದ್ರೆ ಇಂಗ್ಲಿಷಲ್ಲಿ 170 ಆಸುಪಾಸು. ಕತ್ತರಿಸೋಕೆ ಜಾಗ ಇಲ್ಲ ಅಂತಿದ್ದವರ ಕೈಲಿ ಈಗ ಸುಮಾರು 80 ಪದ ಉಳಿತಾಯ ಇದೆ. ಉದ್ದೇಶ ಫಲಿತಾಂಶ ಎರಡೂ ಸೇರಿ ಇಲ್ಲಿ 57 ಪದ, ಒಟ್ಟಿನಲ್ಲಿ ಅರ್ಧ ಭಾಗ, ನಿಮ್ಮ ಡ್ರಾಫ್ಟಲ್ಲಿ ಎಂಟನೇ ಒಂದು ಪಾಲಿತ್ತು. ಗಮನಿಸಿ, ಎರಡು ಉದ್ದೇಶಕ್ಕೂ ಅದದರ ಫಲಿತಾಂಶ ಇದೆ. ನೀರಿನ ಉದ್ದೇಶಕ್ಕೆ ಮೊದಲ ಎರಡು ಸಾಲು, ಸಮಿತಿಯ ಉದ್ದೇಶಕ್ಕೆ ಕೊನೇ ಸಾಲು. ಕತ್ತರಿಸ್ತಾ ಹೋದಾಗ ಸಾಮಾನ್ಯವಾಗಿ ಈ ಜೋಡಿ ತಪ್ಪುತ್ತೆ, ಉದ್ದೇಶ ಮೂರು ಉಳಿದು ಫಲಿತಾಂಶ ಒಂದೇ ಆಗಿರುತ್ತೆ, ಬರೆದೋರಿಗೆ ಕಾಣಲ್ಲ. ಬೆರಳಿಟ್ಟು ಜೋಡಿ ಮಾಡಿ ನೋಡಿದ್ರೆ ಗೊತ್ತಾಗುತ್ತೆ.

'ವರ್ಷವಿಡೀ' ಅನ್ನೋ ಪದ ನಿಮ್ಮ ಡ್ರಾಫ್ಟಲ್ಲಿ ಎರಡು ಕಡೆ ಇತ್ತು, ನಾನು ಬೇಕಂತಲೇ ತೆಗೆದು 200 ದಿನ ಅಂತ ಹಾಕಿದೀನಿ. ನಿಮ್ಮದೇ ಲೆಕ್ಕ ನೋಡಿ: 120 ಚದರ ಮೀಟರ್ ಚಾವಣಿ, 550 ಮಿಲಿಮೀಟರ್ ಮಳೆ, ಅದರಲ್ಲಿ 80 ಪರ್ಸೆಂಟ್ ಕೈಗೆ ಸಿಗುತ್ತೆ ಅಂದ್ರೆ 52,800 ಲೀಟರ್. ಒಂದು ಶಾಲೆಯ 150 ಮಕ್ಕಳಿಗೆ ದಿನಕ್ಕೆ ಒಂದೂವರೆ ಲೀಟರಿನಂತೆ 220 ದಿನಕ್ಕೆ 49,500. ಉಳಿಯೋದು 3,300 ಲೀಟರ್ ಅಷ್ಟೇ, ಹದಿನೈದು ದಿನಕ್ಕೂ ಸಾಲಲ್ಲ. ಪಾವಗಡದಲ್ಲಿ ಮಳೆ ಕೈಕೊಡೋದು ಹೊಸದಾ? ಮಳೆ ಐದರಲ್ಲೊಂದು ಪಾಲು ಕಮ್ಮಿಯಾದ್ರೆ ಬರೋದು 42,240 ಲೀಟರ್, ಅದು 187 ದಿನಕ್ಕೆ ಮುಗಿಯುತ್ತೆ. ಅಂದ್ರೆ 200 ದಿನ ಅನ್ನೋದೂ ಸರಾಸರಿ ಮಳೆ ಬಂದ ವರ್ಷದ ಮಾತೇ. ಇದನ್ನ ಮುಚ್ಚಿಡಬೇಡಿ, ಆ 80 ಪದದಲ್ಲಿ ಮೊದಲು ಇದಕ್ಕೇ ಜಾಗ ಕೊಡಿ, ಮಳೆ ಕಮ್ಮಿಯಾದ ವರ್ಷ ಏನು ಮಾಡ್ತೀರಿ ಅಂತ ಒಂದು ವಾಕ್ಯ. ಇನ್ನೊಂದು ಕೊಠಡಿಯ ಚಾವಣಿಗೂ ಪೈಪ್ ಜೋಡಿಸ್ತೀರೋ, ಪಂಚಾಯ್ತಿ ಟ್ಯಾಂಕರ್ ಬಗ್ಗೆ ಮಾತಾಗಿದೆಯೋ, ಯಾವುದು ನಿಜವೋ ಅದು. ಆಮೇಲೆ ಈ ಆರೇ ಶಾಲೆ ಯಾಕೆ ಆರಿಸಿದ್ರಿ ಅನ್ನೋದಕ್ಕೆ ಒಂದು ವಾಕ್ಯ, ಹಿಂದೆ ಇಂಥ ತೊಟ್ಟಿ ಕಟ್ಟಿ ಅದು ಈಗಲೂ ನಡೀತಿದ್ರೆ ಅದಕ್ಕೊಂದು ವಾಕ್ಯ. ಅಲ್ಲಿಗೆ ಇಂಗ್ಲಿಷಲ್ಲಿ 230, 235 ಬರುತ್ತೆ, ನಿಲ್ಲಿಸಿ. ಮಿಕ್ಕ ಹದಿನೈದು ಪದ ತುಂಬಿಸಲೇಬೇಕು ಅಂತೇನಿಲ್ಲ, ವರ್ಡ್ ಲೆಕ್ಕಕ್ಕೂ ಫಾರಂ ಲೆಕ್ಕಕ್ಕೂ ವ್ಯತ್ಯಾಸ ಬಂದ್ರೆ ಅದು ಬೇಕಾಗುತ್ತೆ.

ಇಂಗ್ಲಿಷಿಗೆ ಮಾಡೋವಾಗ ಒಂದು ಮಾತು. ಅನುವಾದ ಮಾಡೋರು ಅಂಕಿ ಪಕ್ಕದ 'ಕನಿಷ್ಠ', 'ಆಯ್ದ', 'ಆರಂಭದ ಮಟ್ಟಕ್ಕಿಂತ' ಇಂಥ ಚಿಕ್ಕ ಪದಗಳನ್ನ ಪದ ಉಳಿಸೋಕೆ ಅಂತ ಎಗರಿಸ್ತಾರೆ. 'ಕನಿಷ್ಠ 5 ಸಮಿತಿ' ಅನ್ನೋದು 'ಸಮಿತಿಗಳು' ಆದ್ರೆ ಆರೂ ಆಗಬೇಕು ಅಂತ ಅರ್ಥ, ವರ್ಷದ ಕೊನೇಲಿ ರಿಪೋರ್ಟ್ ಕೊಡೋವಾಗ ನಿಮ್ಮ ಕುತ್ತಿಗೆಗೆ ಬರುತ್ತೆ, ಯಾಕಂದ್ರೆ ಎಷ್ಟೋ ಕಡೆ ಒಪ್ಪಂದದ ಪತ್ರಕ್ಕೆ ಈ ಸಮ್ಮರಿಯ ಸಾಲುಗಳನ್ನೇ ಎತ್ತಿ ಅಂಟಿಸ್ತಾರೆ. ನಾನು ಒಂದು ಸಲ ಹಿಂಗೇ ಸಿಕ್ಕಾಕೊಂಡಿದೀನಿ, 'ಆಯ್ದ' ಬಿಟ್ಟುಹೋಗಿ ಇಡೀ ಹೋಬಳಿಯ ಸರ್ವೆ ಮಾಡಬೇಕಾಗಿ ಬಂತು, ಎರಡು ತಿಂಗಳು ತಂಡದವರು ನನ್ನ ಮುಖ ನೋಡ್ಲಿಲ್ಲ.

ಪೂರ್ತಿ ಆದ್ಮೇಲೆ ನೀರಿನ ವಿಷಯ ಗೊತ್ತಿಲ್ಲದ ಒಬ್ಬರಿಗೆ ಒಂದೇ ಸಲ ಓದೋಕೆ ಕೊಟ್ಟು ಹಾಳೆ ಕಿತ್ಕೊಳ್ಳಿ, ಯಾರಿಗೆ ಏನು ಸಿಗುತ್ತೆ, ಸಿಕ್ಕಿದ್ದು ಹೆಂಗೆ ಗೊತ್ತಾಗುತ್ತೆ ಅಂತ ಕೇಳಿ. '900 ಮಕ್ಕಳು, 200 ದಿನ, ತಿಂಗಳಿಗೊಮ್ಮೆ ಟೆಸ್ಟ್' ಅಂತ ಅವರ ಬಾಯಲ್ಲಿ ಬಂದ್ರೆ ಕಳಿಸಬಹುದು. ಫಾರಂಗೆ ಪೇಸ್ಟ್ ಮಾಡಿ ಸೇವ್ ಒತ್ತಿ, ಹೊರಗೆ ಬಂದು ಮತ್ತೆ ತೆಗೆದು ಕೊನೇ ಸಾಲು ಇದೆಯಾ ನೋಡಿ. ಕೊನೇ ದಿನದ ಸಂಜೆಗೆ ಇಟ್ಕೋಬೇಡಿ, ಆ ಹೊತ್ತಿಗೆ ಸರ್ವರ್ ಯಾರ ಮಾತೂ ಕೇಳಲ್ಲ.